ಮಂಡಿಯ ಪಟ್ಟಿ ಓದುವವರು ಷೇರಿನ ಪಟ್ಟಿಯನ್ನೂ ಓದಬೇಕು

(ಕೋಲಾರದಲ್ಲಿ ಸರ್ಕಾರಿ ನೌಕರರು ಮತ್ತು ರೈತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಇಲ್ಲಿ ಕೂತಿರುವವರಲ್ಲಿ ಅರ್ಧ ಜನ ಒಂದಲ್ಲ ಒಂದು ಸಲ ನಮ್ಮ ಎಪಿಎಂಸಿ ಮಂಡಿಗೆ ಟೊಮೆಟೊ ತಂದವರೇ. ಹರಾಜಿನಲ್ಲಿ ಹದಿನೈದು ಕೆಜಿ ಬಾಕ್ಸಿಗೆ ನಾನೂರು ರೂಪಾಯಿ ಅಂತ ಕೂಗಿದರು ಅಂದುಕೊಳ್ಳಿ. ನೂರು ಬಾಕ್ಸ್ ತಂದಿದ್ದೀರಿ. ನಲವತ್ತು ಸಾವಿರ ಬಂತು ಅಂತ ನಿಮ್ಮಲ್ಲಿ ಯಾರಾದರೂ ಮನೆಗೆ ಫೋನ್ ಮಾಡಿ ಹೇಳುತ್ತೀರಾ? ಇಲ್ಲ. ಪಟ್ಟಿ ಕೈಗೆ ಬರಲಿ ಅಂತ ಕಾಯುತ್ತೀರಿ. ಕಮಿಷನ್ ಎಷ್ಟು ಹಿಡಿದರು, ಹಮಾಲಿ ಎಷ್ಟು, ಗಾಡಿ ಬಾಡಿಗೆ ಎಷ್ಟು, ಎಲ್ಲಾ ನೋಡಿ ಕೊನೆಯ ಸಾಲಿನಲ್ಲಿರುವ ಅಂಕಿಯನ್ನೇ ದುಡ್ಡು ಅಂತ ಕರೆಯುತ್ತೀರಿ.

ಅದೇ ಜನ ಮೊಬೈಲಿನಲ್ಲಿ ಷೇರು ಕೊಂಡು ಮಾರುವಾಗ ಹರಾಜಿನ ಕೂಗನ್ನೇ ದುಡ್ಡು ಅಂದುಕೊಳ್ಳುತ್ತಾರೆ. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಮೂರು ಸಾವಿರ ಲಾಭ ಅಂತ ಕಾಣಿಸುತ್ತದೆ. ಅದು ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದು, ಷೇರಿನ ಸಂಖ್ಯೆಯಿಂದ ಗುಣಿಸಿದ್ದು, ಅಷ್ಟೇ. ಸಾಮಾನ್ಯವಾಗಿ ಅದರಲ್ಲಿ ಖರ್ಚು ಕಳೆದಿರುವುದಿಲ್ಲ. ತೆರಿಗೆಯಂತೂ ಕಳೆದಿರುವುದೇ ಇಲ್ಲ.

ನಾನು ಈ ಊರಿನಲ್ಲಿ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವ ಕೆಲಸ ಮಾಡುತ್ತೇನೆ. ಒಬ್ಬ ಶಿಕ್ಷಕಿಯ ಲೆಕ್ಕ ನನ್ನ ಮುಂದೆ ಬಂದಿದ್ದರಿಂದಲೇ ಈ ಮಾತು ಆಡಬೇಕು ಅನ್ನಿಸಿತು. ಅವರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. ಅಂಕಿಗಳನ್ನು ಬಾಯಲ್ಲಿ ಹೇಳಲು ಸುಲಭವಾಗಲಿ ಅಂತ ಸ್ವಲ್ಪ ದುಂಡಗೆ ಮಾಡಿದ್ದೇನೆ.

ಮುಳಬಾಗಿಲು ಕಡೆಯ ಮೇಡಂ ಅವರು. ಸಂಬಳ ವರ್ಷಕ್ಕೆ ಸುಮಾರು ಎಂಟು ಲಕ್ಷ. ಉಳಿಸಿದ ಒಂದು ಲಕ್ಷವನ್ನು ಷೇರಿಗೆ ಹಾಕಿದ್ದರು. ತಿಂಗಳಿಗೊಂದು ಷೇರು ಕೊಳ್ಳುವುದು, ಕೆಲವು ದಿನ ಇಟ್ಟುಕೊಂಡು ಮಾರುವುದು. ವರ್ಷಕ್ಕೆ ಹನ್ನೆರಡು ಸಲ. ಸಂಬಳ ಮತ್ತು ಅದರ ತೆರಿಗೆಯ ವಿವರ ಇರುವ ಫಾರಂ 16 ಹಿಡಿದುಕೊಂಡು ಬಂದು, "ಸರ್, ಸಂಬಳ ಒಂದೇ, ಬೇಗ ಮುಗಿಸಿಬಿಡಿ" ಅಂದರು. ನಾನು ಇಲಾಖೆಯ ವೆಬ್‌ಸೈಟಿನಲ್ಲಿ ಅವರ ಎಐಎಸ್ ತೆರೆದೆ. ನಮ್ಮ ಪ್ಯಾನ್ ಸಂಖ್ಯೆಯ ಮೇಲೆ ನಡೆದ ವ್ಯವಹಾರಗಳ ವಾರ್ಷಿಕ ಪಟ್ಟಿ ಅದು. ಅದರಲ್ಲಿ ಷೇರು ಮಾರಾಟ 12,06,000 ರೂಪಾಯಿ ಅಂತ ಇತ್ತು. ಮೇಡಂ ಗಾಬರಿಯಾದರು. "ನನ್ನ ಹತ್ತಿರ ಇದ್ದದ್ದೇ ಒಂದು ಲಕ್ಷ ಸರ್, ಹನ್ನೆರಡು ಲಕ್ಷ ಎಲ್ಲಿಂದ ಬಂತು?"

ಅದೇ ಒಂದು ಲಕ್ಷ ಹನ್ನೆರಡು ಸಲ ಓಡಾಡಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಿಮ್ಮ ದೃಷ್ಟಿಯಲ್ಲಿ ಬಂಡವಾಳ ಒಂದು ಲಕ್ಷ. ಬ್ರೋಕರ್‌ಗೆ, ಸರ್ಕಾರಕ್ಕೆ, ಷೇರು ಪೇಟೆ ನಡೆಸುವ ಎಕ್ಸ್‌ಚೇಂಜಿಗೆ ಲೆಕ್ಕ ಅದಲ್ಲ. ಅವರು ಹಿಡಿಯುವುದು ಓಡಾಟದ ಮೇಲೆ. ಕೊಂಡಿದ್ದು ಹನ್ನೆರಡು ಲಕ್ಷ, ಮಾರಿದ್ದು ಹನ್ನೆರಡು ಲಕ್ಷ, ಒಟ್ಟು ಇಪ್ಪತ್ತನಾಲ್ಕು ಲಕ್ಷದ ಮೇಲೆ.

ಮೊದಲು ಒಂದೇ ಒಂದು ಸಲದ ವ್ಯವಹಾರವನ್ನು ಬಿಡಿಸಿ ನೋಡೋಣ. ಮೇಡಂ ಒಂದು ಲಕ್ಷಕ್ಕೆ ಕೊಂಡರು, ಮೂರು ವಾರ ಬಿಟ್ಟು ಒಂದು ಲಕ್ಷದ ಮೂರು ಸಾವಿರಕ್ಕೆ ಮಾರಿದರು. ಆ್ಯಪ್‌ನಲ್ಲಿ ಮೂರು ಸಾವಿರ ಲಾಭ.

ಅವರ ಖಾತೆ ಇದ್ದದ್ದು ಶಾಖೆ ಇಟ್ಟುಕೊಂಡು ಸಲಹೆ ಕೊಡುವ ಒಂದು ಬ್ರೋಕರ್ ಹತ್ತಿರ. ಅಲ್ಲಿ ಬ್ರೋಕರೇಜ್ ಅರ್ಧ ಪರ್ಸೆಂಟ್. ಅರ್ಧ ತಾನೇ ಅಂತ ಮೇಡಂ ಒಪ್ಪಿಕೊಂಡಿದ್ದರು. ಆದರೆ ಅರ್ಧ ಪರ್ಸೆಂಟ್ ಕೊಳ್ಳುವಾಗ ಒಂದು ಸಲ, ಮಾರುವಾಗ ಇನ್ನೊಂದು ಸಲ. ಕೊಳ್ಳುವಾಗ 500, ಮಾರುವಾಗ 515. ಒಟ್ಟು 1,015 ರೂಪಾಯಿ. ಇದರ ಮೇಲೆ, ಎಕ್ಸ್‌ಚೇಂಜ್ ಶುಲ್ಕವೂ ಸೇರಿ, 18 ಪರ್ಸೆಂಟ್ ಜಿಎಸ್‌ಟಿ. ಅದು 184.

ಆಮೇಲೆ ಎಸ್‌ಟಿಟಿ, ಅಂದರೆ ಷೇರು ವಹಿವಾಟಿನ ಮೇಲಿನ ತೆರಿಗೆ. ಷೇರುಗಳನ್ನು ಇಡುವ ಡಿಮ್ಯಾಟ್ ಖಾತೆಗೆ ಷೇರು ಬಂದು, ಆಮೇಲೆ ಮಾರುವವರಿಗೆ ಇದು ಎರಡೂ ಕಡೆ ಸಾವಿರಕ್ಕೆ ಒಂದು ರೂಪಾಯಿ. ಕೊಳ್ಳುವಾಗ 100, ಮಾರುವಾಗ 103. ಸ್ಟಾಂಪ್ ಡ್ಯೂಟಿ ಕೊಳ್ಳುವಾಗ ಮಾತ್ರ, ಲಕ್ಷಕ್ಕೆ 15 ರೂಪಾಯಿ. ಎಕ್ಸ್‌ಚೇಂಜ್ ಶುಲ್ಕ ಲಕ್ಷಕ್ಕೆ ಸುಮಾರು ಮೂರು ರೂಪಾಯಿ, ಎರಡೂ ಕಡೆ ಸೇರಿ ಆರು. ಷೇರು ಪೇಟೆಯನ್ನು ನಿಯಂತ್ರಿಸುವ ಸಂಸ್ಥೆ ಸೆಬಿಯ ಶುಲ್ಕ ಕೋಟಿಗೆ ಹತ್ತು ರೂಪಾಯಿ, ನಮ್ಮ ಲೆಕ್ಕದಲ್ಲಿ ಅದು ಪೈಸೆ. ಕೊನೆಗೆ ಡಿಮ್ಯಾಟ್ ಖಾತೆಯಿಂದ ಷೇರು ಹೊರಗೆ ಹೋಗುವಾಗ ಡಿಪಿ ಶುಲ್ಕ. ಇದು ಬ್ರೋಕರ್‌ನಿಂದ ಬ್ರೋಕರ್‌ಗೆ ಬೇರೆ. ಮೇಡಂಗೆ ತೆರಿಗೆ ಸೇರಿ 18 ರೂಪಾಯಿ ಹಿಡಿದಿದ್ದರು.

ಎಲ್ಲಾ ಕೂಡಿದರೆ 1,441 ರೂಪಾಯಿ. ಮೂರು ಸಾವಿರದಲ್ಲಿ ಇಷ್ಟು ಹೋದರೆ ಉಳಿಯುವುದು 1,559. ಇನ್ನೂ ಆದಾಯ ತೆರಿಗೆಯ ವಿಷಯಕ್ಕೆ ಬಂದಿಲ್ಲ.

ಷೇರನ್ನು ಹನ್ನೆರಡು ತಿಂಗಳೊಳಗೆ ಮಾರಿದರೆ ಬರುವ ಲಾಭ ಅಲ್ಪಾವಧಿ ಬಂಡವಾಳ ಲಾಭ. 2024ರ ಜುಲೈ 23ರಿಂದ ಅದಕ್ಕೆ 20 ಪರ್ಸೆಂಟ್ ತೆರಿಗೆ. ಅದಕ್ಕೆ ಮೊದಲು 15 ಇತ್ತು. ತೆರಿಗೆಯ ಮೇಲೆ 4 ಪರ್ಸೆಂಟ್ ಸೆಸ್. ಎರಡೂ ಸೇರಿದರೆ ಲಾಭದ ಪ್ರತಿ ನೂರಕ್ಕೆ 20 ರೂಪಾಯಿ 80 ಪೈಸೆ.

ಯಾವ ಲಾಭದ ಮೇಲೆ? ನಿಮ್ಮ ಕೈಯಲ್ಲಿ ಉಳಿದ 1,559ರ ಮೇಲೆ ಅಂದುಕೊಂಡರೆ ತಪ್ಪು. ಬ್ರೋಕರೇಜ್, ಅದರ ಜಿಎಸ್‌ಟಿ, ಎಕ್ಸ್‌ಚೇಂಜ್ ಶುಲ್ಕ, ಸ್ಟಾಂಪ್ ಡ್ಯೂಟಿ ಕಳೆಯಬಹುದು. ಎಸ್‌ಟಿಟಿ ಕಳೆಯುವ ಹಾಗಿಲ್ಲ. ಕಾನೂನಿನಲ್ಲೇ ಹಾಗಿದೆ. ಡಿಪಿ ಶುಲ್ಕ ಚಿಕ್ಕದು, ನಾನು ಅದನ್ನೂ ಕಳೆಯಲಿಲ್ಲ. ಹಾಗಾಗಿ ತೆರಿಗೆಗೆ ಸಿಗುವ ಲಾಭ 1,780, ತೆರಿಗೆ 370. ಇದೊಂದೇ ವ್ಯವಹಾರ ಅಂತ ಹಿಡಿದರೆ ಮೂರು ಸಾವಿರದಲ್ಲಿ ಮೇಡಂ ಕೈಗೆ ಬಂದದ್ದು 1,189 ರೂಪಾಯಿ. ಕೂಗು ಮೂರು ಪರ್ಸೆಂಟ್, ಪಟ್ಟಿಯ ಕೊನೆಯ ಸಾಲು ಒಂದು ಪರ್ಸೆಂಟ್ ಚಿಲ್ಲರೆ.

ಈ ಎಸ್‌ಟಿಟಿ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಇದು ಜಾರಿಗೆ ಬಂದದ್ದು 2004ರ ಅಕ್ಟೋಬರ್ 1ರಂದು, ಪಿ. ಚಿದಂಬರಂ ಹಣಕಾಸು ಸಚಿವರಾಗಿದ್ದಾಗ. ವಹಿವಾಟಿನ ಮೇಲೆ ಸ್ವಲ್ಪ ತೆರಿಗೆ ಕೊಡಿ, ದೀರ್ಘಾವಧಿ ಲಾಭಕ್ಕೆ ತೆರಿಗೆ ಬೇಡ ಅನ್ನುವ ಹಾಗೆ ಆಗ ವ್ಯವಸ್ಥೆ ಮಾಡಿದ್ದರು. 2018ರಲ್ಲಿ ದೀರ್ಘಾವಧಿ ಲಾಭದ ತೆರಿಗೆ ವಾಪಸ್ ಬಂತು. ಎಸ್‌ಟಿಟಿ ಹೋಗಲಿಲ್ಲ. ಸಣ್ಣ ಹೂಡಿಕೆದಾರರಿಗೆ ಇದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಕೊನೆ ಪಕ್ಷ ಲಾಭದ ಲೆಕ್ಕದಲ್ಲಿ ಅದನ್ನು ಕಳೆಯಲು ಬಿಡಬೇಕಿತ್ತು. ಷೇರು ಮಾರಿ ನಷ್ಟವಾದರೂ ಎಸ್‌ಟಿಟಿ ಕಟ್ಟಲೇಬೇಕು, ಅದು ವಾಪಸ್ ಬರುವುದಿಲ್ಲ.

ಈಗ ಮೇಡಂ ಅವರ ಇಡೀ ವರ್ಷಕ್ಕೆ ಬನ್ನಿ. ಹನ್ನೆರಡು ಸಲವೂ ಗೆಲ್ಲಲು ಆಗುತ್ತದಾ? ಆರು ಸಲ ಮೂರು ಮೂರು ಸಾವಿರ ಬಂತು. ಇನ್ನಾರು ಸಲ ಎರಡೆರಡು ಸಾವಿರ ಹೋಯಿತು. ಪ್ರತಿ ಸಲವೂ ಹಾಕಿದ್ದು ಒಂದು ಲಕ್ಷವೇ. ಗೆದ್ದದ್ದು ಹದಿನೆಂಟು ಸಾವಿರ, ಸೋತದ್ದು ಹನ್ನೆರಡು ಸಾವಿರ. ಆ್ಯಪ್ ಆರು ಸಾವಿರ ಲಾಭ ತೋರಿಸುತ್ತಿತ್ತು. ಮೇಡಂ ಅದನ್ನು ನನಗೆ ಸಂತೋಷದಿಂದಲೇ ತೋರಿಸಿದರು. ಅದರಲ್ಲಿ ತಪ್ಪೇನೂ ಇಲ್ಲ. ಷೇರು ಆರಿಸುವ ಕೆಲಸವನ್ನು ಅವರು ಚೆನ್ನಾಗಿಯೇ ಮಾಡಿದ್ದರು.

ನಾನು ಹನ್ನೆರಡು ಸಲದ ಕಾಂಟ್ರ್ಯಾಕ್ಟ್ ನೋಟುಗಳನ್ನು ಕೇಳಿದೆ. ವಹಿವಾಟು ನಡೆದ ಮೇಲೆ ಬ್ರೋಕರ್ ಇಮೇಲಿಗೆ ಕಳಿಸುವ ಪಿಡಿಎಫ್ ಅದು. ಸಾಮಾನ್ಯವಾಗಿ ಪ್ಯಾನ್ ಸಂಖ್ಯೆ ಹಾಕಿದರೆ ತೆರೆದುಕೊಳ್ಳುತ್ತದೆ. ಮಂಡಿಯ ಪಟ್ಟಿ ಅಂದೆನಲ್ಲ, ಷೇರಿನ ಪಟ್ಟಿ ಇದೇ. ಮೇಡಂ ಒಂದನ್ನೂ ತೆರೆದಿರಲಿಲ್ಲ. ಕೂಡಿಸಿದೆವು. ಬ್ರೋಕರೇಜ್ 12,030. ಜಿಎಸ್‌ಟಿ 2,178. ಎಸ್‌ಟಿಟಿ 2,406. ಉಳಿದ ಚಿಲ್ಲರೆ ಶುಲ್ಕಗಳೆಲ್ಲ ಸೇರಿ 468. ಒಟ್ಟು 17,082 ರೂಪಾಯಿ.

ಆರು ಸಾವಿರ ದುಡಿಯಲು ಹದಿನೇಳು ಸಾವಿರ ಖರ್ಚು. ಮೇಡಂ ಅವರಿಗೆ ವರ್ಷದ ಕೊನೆಗೆ ಆದದ್ದು 11,082 ರೂಪಾಯಿ ನಷ್ಟ. ಬ್ಯಾಂಕಿನ ಖಾತೆಯಲ್ಲಿ ದುಡ್ಡು ಕಮ್ಮಿಯಾದದ್ದು ಅವರಿಗೆ ಗೊತ್ತಾಗದೆ ಇರಲಿಲ್ಲ. ಮನೆ ಖರ್ಚಿಗೆ ತೆಗೆದಿರಬೇಕು ಅಂದುಕೊಂಡಿದ್ದರು. ಸಂಬಳವೂ ಅದೇ ಖಾತೆಗೆ ಬರುತ್ತದೆ, ಷೇರಿನ ದುಡ್ಡೂ ಅಲ್ಲಿಂದಲೇ ಹೋಗಿ ಬರುತ್ತದೆ. ಹಾಗಿದ್ದಾಗ ಯಾರಿಗಾದರೂ ಹೀಗಾಗುತ್ತದೆ.

ನಷ್ಟವಾದ್ದರಿಂದ ತೆರಿಗೆ ಬರಲಿಲ್ಲ. ಎಸ್‌ಟಿಟಿ ಮತ್ತು ಡಿಪಿ ಶುಲ್ಕ ಬಿಟ್ಟು ಲೆಕ್ಕ ಹಾಕಿದರೆ 8,460 ರೂಪಾಯಿ ಅಲ್ಪಾವಧಿ ನಷ್ಟ. ಇದನ್ನು ಸಂಬಳದಲ್ಲಿ ಕಳೆಯುವ ಹಾಗಿಲ್ಲ. ಮುಂದಿನ ಎಂಟು ವರ್ಷದಲ್ಲಿ ಬರುವ ಬಂಡವಾಳ ಲಾಭದಲ್ಲಿ ಕಳೆಯಬಹುದು. ಅದಕ್ಕೆ ರಿಟರ್ನನ್ನು ಕೊನೆಯ ದಿನದೊಳಗೆ ಸಲ್ಲಿಸಿರಬೇಕು. ಅದೂ ಸಂಬಳದವರು ಸಾಮಾನ್ಯವಾಗಿ ತುಂಬುವ ಐಟಿಆರ್-1 ಫಾರಂ ಅಲ್ಲ, ಬಂಡವಾಳದ ಲಾಭ ನಷ್ಟ ತೋರಿಸುವ ಐಟಿಆರ್-2. ಫಾರಂ 16 ಒಂದನ್ನೇ ನೋಡಿ ಐಟಿಆರ್-1 ಹಾಕಿದ್ದರೆ ಆ ನಷ್ಟದ ಹಕ್ಕು ಹೋಗುತ್ತಿತ್ತು. ಜೊತೆಗೆ ಎಐಎಸ್‌ನಲ್ಲಿ ಹನ್ನೆರಡು ಲಕ್ಷ, ರಿಟರ್ನಿನಲ್ಲಿ ಸೊನ್ನೆ. ಇಲಾಖೆಯಿಂದ ಪ್ರಶ್ನೆ ಬರಲು ಅಷ್ಟು ಸಾಕು.

ಇಲ್ಲಿಗೆ ನಿಮ್ಮಲ್ಲಿ ಹಲವರು ಮನಸ್ಸಿನಲ್ಲಿ ಅಂದುಕೊಂಡಿರುತ್ತೀರಿ: ನನ್ನದು ಬ್ರೋಕರೇಜ್ ಇಲ್ಲದ ಆ್ಯಪ್, ನನಗೆ ಈ ತೊಂದರೆ ಇಲ್ಲ. ಸರಿ, ಅದನ್ನೂ ನೋಡೋಣ. ಡೆಲಿವರಿಗೆ, ಅಂದರೆ ಷೇರು ಖಾತೆಗೆ ಬಂದ ಮೇಲೆ ಮಾರುವ ವ್ಯವಹಾರಕ್ಕೆ, ಬ್ರೋಕರೇಜ್ ಸೊನ್ನೆ ಇರುವ ಖಾತೆಯಲ್ಲಿ ಮೇಡಂ ಇದೇ ಹನ್ನೆರಡು ವ್ಯವಹಾರ ಮಾಡಿದ್ದರೆ ಏನಾಗುತ್ತಿತ್ತು ಅಂತ ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು.

ಖರ್ಚು 17,082ರಿಂದ 2,887ಕ್ಕೆ ಇಳಿಯಿತು. ದೊಡ್ಡ ಉಳಿತಾಯವೇ. ಈ 2,887ರಲ್ಲಿ 2,406 ಎಸ್‌ಟಿಟಿಯೇ ಇದೆ ನೋಡಿ. ಬ್ರೋಕರ್ ಬದಲಾಯಿಸಿದರೂ ಅದು ಒಂದು ಪೈಸೆ ಕಮ್ಮಿಯಾಗುವುದಿಲ್ಲ. ಆರು ಸಾವಿರದಲ್ಲಿ ಇಷ್ಟು ಕಳೆದರೆ 3,113 ಉಳಿಯಿತು. ಈಗ ತೆರಿಗೆ. ಎಸ್‌ಟಿಟಿ ಕಳೆಯುವ ಹಾಗಿಲ್ಲ ಅಂದೆನಲ್ಲ, ಹಾಗಾಗಿ ತೆರಿಗೆ ಬೀಳುವುದು 5,735ರ ಮೇಲೆ. ತೆರಿಗೆ 1,193. ಕೈಗೆ ಉಳಿದದ್ದು 1,920 ರೂಪಾಯಿ.

ಕೈಗೆ ಬಂದದ್ದು 3,113, ತೆರಿಗೆ ಹಾಕಿದ್ದು 5,735ಕ್ಕೆ. ತೆರಿಗೆಯ ದರ ಹೆಸರಿಗೆ 20. ನಿಜವಾಗಿ ಉಳಿದ ಲಾಭದ ಮೇಲೆ ನೋಡಿದರೆ 38 ಪರ್ಸೆಂಟ್. ಲಾಭ ಸಣ್ಣದಾಗಿ, ಓಡಾಟ ಜಾಸ್ತಿಯಾದಷ್ಟೂ ಈ ಅಂತರ ಹಿಗ್ಗುತ್ತದೆ.

ಆಗ ಮೇಡಂ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. "ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲ ಅಂತಾರಲ್ಲ ಸರ್? ನನ್ನ ಸಂಬಳ ಎಂಟೇ ಲಕ್ಷ." ಇದು ನನ್ನ ಟೇಬಲ್ ಮುಂದೆ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಹನ್ನೆರಡು ಲಕ್ಷದವರೆಗೆ ತೆರಿಗೆ ಸೊನ್ನೆಯಾಗುವುದು ರಿಬೇಟಿನಿಂದ. ಲೆಕ್ಕ ಹಾಕಿ ಬಂದ ತೆರಿಗೆಯನ್ನು ಸರ್ಕಾರ ಬಿಟ್ಟುಕೊಡುತ್ತದೆ. ಆದರೆ ಸಂಬಳ, ಬಡ್ಡಿ, ಬಾಡಿಗೆ ಇಂಥ ಮಾಮೂಲಿ ದರದ ಆದಾಯಕ್ಕೆ ಮಾತ್ರ ಅದು. ಷೇರಿನ ಅಲ್ಪಾವಧಿ ಲಾಭಕ್ಕೆ ಬೇರೆ ದರ, ಅದಕ್ಕೆ ಈ ರಿಬೇಟ್ ಸಿಗುವುದಿಲ್ಲ. ಎಂಟು ಲಕ್ಷದ ಸಂಬಳಕ್ಕೆ ಒಂದು ರೂಪಾಯಿ ತೆರಿಗೆ ಕಟ್ಟದವರು ಐದು ಸಾವಿರದ ಷೇರು ಲಾಭಕ್ಕೆ ಸಾವಿರ ರೂಪಾಯಿ ಕಟ್ಟಬೇಕು.

ಇಲ್ಲೇ ಬ್ಯಾಂಕಿನ ಎಫ್‌ಡಿ ಪಕ್ಕಕ್ಕಿಟ್ಟು ನೋಡಿ. ಒಂದು ಲಕ್ಷಕ್ಕೆ ಆರು ಪರ್ಸೆಂಟ್ ಬಡ್ಡಿ ಅಂದರೂ ಆರು ಸಾವಿರ. ಮೇಡಂ ಅವರ ಆದಾಯಕ್ಕೆ ಆ ಬಡ್ಡಿಗೆ ರಿಬೇಟ್ ಸಿಗುತ್ತದೆ, ಆರು ಸಾವಿರವೂ ಅವರದೇ. ಷೇರಿನಲ್ಲಿ ಅದೇ ಆರು ಸಾವಿರ ತಂದವರಿಗೆ, ಅತಿ ಕಮ್ಮಿ ಖರ್ಚಿನ ಖಾತೆಯಲ್ಲೂ, 1,920. ಬೆಲೆ ಏರಿಕೆ ವರ್ಷಕ್ಕೆ ನಾಲ್ಕು ಪರ್ಸೆಂಟ್ ಅಂತ ಹಿಡಿಯಿರಿ, ರಿಸರ್ವ್ ಬ್ಯಾಂಕ್ ಇಟ್ಟುಕೊಂಡಿರುವ ಗುರಿಯೇ ಅದು. ಆಗ 1,920 ಲಾಭ ತಂದ ಒಂದು ಲಕ್ಷ ವರ್ಷದ ಕೊನೆಗೆ ಮೊದಲಿಗಿಂತ ಕಮ್ಮಿ ಸಾಮಾನು ಕೊಳ್ಳುತ್ತದೆ. ಪರದೆಯಲ್ಲಿ ಮಾತ್ರ ಹಸಿರು.

ಹಾಗಾದರೆ ಷೇರೇ ಬೇಡವಾ ಅಂದರೆ, ನಾನು ಹಾಗೆ ಹೇಳುತ್ತಿಲ್ಲ. ಕಾನೂನಿನಲ್ಲೇ ಒಂದು ಗೆರೆ ಇದೆ, ಅದನ್ನು ನೋಡಿಕೊಂಡು ನಡೆಯಿರಿ. ಹನ್ನೆರಡು ತಿಂಗಳು ದಾಟಿದ ಮೇಲೆ ಮಾರಿದರೆ ಅದು ದೀರ್ಘಾವಧಿ ಲಾಭ. ವರ್ಷಕ್ಕೆ ಒಂದೂಕಾಲು ಲಕ್ಷದವರೆಗೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ 12.5 ಪರ್ಸೆಂಟ್.

ಶ್ರೀನಿವಾಸಪುರದ ಒಬ್ಬ ನೌಕರರು ಎರಡು ಲಕ್ಷ ಹಾಕಿದ್ದರು, ಅದು ಎರಡು ಲಕ್ಷದ ನಲವತ್ತು ಸಾವಿರ ಆಯಿತು. ಕೊಂಡದ್ದು ಜೂನ್ 10ಕ್ಕೆ, ಮಾರಿದ್ದು ಮುಂದಿನ ವರ್ಷ ಮೇ 28ಕ್ಕೆ. ತುರ್ತಿರಲಿಲ್ಲ, ಸುಮ್ನೆ ಮಾರಿದರು. ಶುಲ್ಕ ಬಿಟ್ಟು ಹೇಳುತ್ತೇನೆ, ನಲವತ್ತು ಸಾವಿರಕ್ಕೆ ತೆರಿಗೆ 8,320 ರೂಪಾಯಿ. ಎರಡು ವಾರ ತಡೆದು ಜೂನ್ 10 ದಾಟಿಸಿದ್ದರೆ ಸೊನ್ನೆ. ಆ ಎರಡು ವಾರದಲ್ಲಿ ಬೆಲೆ ಬೀಳಬಹುದಿತ್ತು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎರಡು ಲಕ್ಷದ ನಲವತ್ತು ಸಾವಿರದಲ್ಲಿ 8,320 ಅಂದರೆ ಸುಮಾರು ಮೂರೂವರೆ ಪರ್ಸೆಂಟ್. ಬೆಲೆ ಅಷ್ಟಕ್ಕಿಂತ ಜಾಸ್ತಿ ಬೀಳುತ್ತದೆ ಅಂತ ಅನ್ನಿಸಲು ಕಾರಣ ಇದ್ದರೆ ಮಾರಬಹುದು. ಕಂಪನಿಯ ಸುದ್ದಿ ಕೆಟ್ಟಿದ್ದರೆ ತೆರಿಗೆ ಉಳಿಸಲು ಕೂತಿರುವುದು ದಡ್ಡತನ. ಅವರಿಗೆ ಅಂಥ ಕಾರಣ ಇರಲಿಲ್ಲ. ತಾರೀಖನ್ನೇ ನೋಡಿರಲಿಲ್ಲ.

ತಾರೀಖಿನಲ್ಲಿ ಇನ್ನೊಂದು ತೊಡಕಿದೆ. ಒಂದೇ ಕಂಪನಿಯ ಷೇರನ್ನು ಬೇರೆ ಬೇರೆ ತಿಂಗಳು ಕೊಂಡಿದ್ದರೆ, ಮೊದಲು ಬಂದದ್ದೇ ಮೊದಲು ಹೋಯಿತು ಅಂತ ಲೆಕ್ಕ. ತಿಂಗಳು ತಿಂಗಳು ಎಸ್‌ಐಪಿ ಕಟ್ಟುವವರಿಗೆ ಪ್ರತಿ ಕಂತಿಗೂ ಅದರದೇ ಹನ್ನೆರಡು ತಿಂಗಳು. ಮೊದಲ ಕಂತಿಗೆ ವರ್ಷ ತುಂಬಿತು ಅಂತ ಎಲ್ಲಾ ಮಾರಿದರೆ ಉಳಿದ ಕಂತುಗಳ ಲಾಭ ಅಲ್ಪಾವಧಿಯದೇ.

ಉಪನ್ಯಾಸದ ನಡುವೆ ಬಂದ ಎರಡು ಪ್ರಶ್ನೆಗಳಿಗೆ ಇಲ್ಲೇ ಉತ್ತರ ಸೇರಿಸುತ್ತೇನೆ. ಒಬ್ಬ ಹುಡುಗ, ಅದೇ ದಿನ ಕೊಂಡು ಅದೇ ದಿನ ಮಾರಿದರೆ ಖರ್ಚು ಕಮ್ಮಿ ಅಲ್ವಾ ಅಂತ ಕೇಳಿದ. ಒಂದು ಸಲಕ್ಕೆ ಕಮ್ಮಿ, ನಿಜ. ಎಸ್‌ಟಿಟಿ ಮಾರುವಾಗ ಮಾತ್ರ, ಲಕ್ಷಕ್ಕೆ 25 ರೂಪಾಯಿ. ಡಿಪಿ ಶುಲ್ಕ ಇಲ್ಲ. ಆದರೆ ಹಾಗೆ ಮಾಡುವವರು ವರ್ಷಕ್ಕೆ ಹನ್ನೆರಡು ಸಲಕ್ಕೆ ನಿಲ್ಲಿಸುವುದಿಲ್ಲ. ಸೆಬಿ 2024ರಲ್ಲಿ ಬಿಡುಗಡೆ ಮಾಡಿದ ಅಧ್ಯಯನದ ಪ್ರಕಾರ, 2022-23ರಲ್ಲಿ ಷೇರಿನಲ್ಲಿ ದಿನದ ವಹಿವಾಟು ಮಾಡಿದ ಹತ್ತು ಜನರಲ್ಲಿ ಏಳು ಜನರಿಗೆ ನಷ್ಟ. ನಷ್ಟವಾದವರು ನೂರು ರೂಪಾಯಿ ಕಳೆದುಕೊಂಡ ಮೇಲೆ ಇನ್ನೂ 57 ರೂಪಾಯಿ ಖರ್ಚಿಗೇ ಕೊಟ್ಟಿದ್ದರು.

ಇನ್ನೊಬ್ಬ ತಾಯಿ ಕೇಳಿದರು, ನನಗೆ ಸಂಬಳ ಇಲ್ಲ, ಬೇರೆ ಆದಾಯ ಇಲ್ಲ, ನನಗೂ 20 ಪರ್ಸೆಂಟಾ ಅಂತ. ಅಮ್ಮಾ, ನಿಮಗೆ ಹಾಗಲ್ಲ. ಹೊಸ ಪದ್ಧತಿಯಲ್ಲಿ ನಾಲ್ಕು ಲಕ್ಷದ ಮೂಲ ವಿನಾಯಿತಿ ಇದೆ. ಬೇರೆ ಆದಾಯದಿಂದ ಅದು ತುಂಬಿಲ್ಲದಿದ್ದರೆ, ಭಾರತದಲ್ಲೇ ವಾಸವಿರುವವರು ಷೇರಿನ ಲಾಭವನ್ನು ಅದರೊಳಗೆ ಸೇರಿಸಿಕೊಳ್ಳಬಹುದು. ಐವತ್ತು ಸಾವಿರ ಲಾಭ ಒಂದೇ ಇದ್ದರೆ ನಿಮಗೆ ತೆರಿಗೆ ಬರುವುದಿಲ್ಲ. ಇದು ರಿಬೇಟ್ ಅಲ್ಲ, ವಿನಾಯಿತಿ. ಎರಡನ್ನೂ ಒಂದೇ ಅಂದುಕೊಂಡು ಜನ ಗೊಂದಲ ಮಾಡಿಕೊಳ್ಳುತ್ತಾರೆ. ಆದರೆ ಗಂಡ ಕೊಟ್ಟ ದುಡ್ಡಿನಲ್ಲಿ ಕೊಂಡ ಷೇರಾಗಿದ್ದರೆ ಲಾಭವನ್ನು ಗಂಡನ ಆದಾಯಕ್ಕೇ ಸೇರಿಸುತ್ತಾರೆ, ಅದನ್ನು ನೋಡಿಕೊಳ್ಳಿ.

ಸಣ್ಣ ಮೊತ್ತದವರಿಗೆ ಡಿಪಿ ಶುಲ್ಕದ ಬಗ್ಗೆಯೂ ಹೇಳಬೇಕು. ಲಕ್ಷದ ಮೇಲೆ 18 ರೂಪಾಯಿ ಕಣ್ಣಿಗೆ ಕಾಣುವುದಿಲ್ಲ. ಐದು ಕಂಪನಿಗಳಲ್ಲಿ ಸಾವಿರ ಸಾವಿರದ ಷೇರು ಇಟ್ಟು ಎಲ್ಲಾ ಮಾರಿದರೆ ಐದು ಸಲ 18, ಅಂದರೆ 90 ರೂಪಾಯಿ. ಐದು ಸಾವಿರಕ್ಕೆ ಅದೇ ಹತ್ತಿರ ಹತ್ತಿರ ಎರಡು ಪರ್ಸೆಂಟ್. ಒಂದೇ ಕಂಪನಿಯದನ್ನು ಇವತ್ತು ಹತ್ತು, ನಾಳೆ ಹತ್ತು ಅಂತ ಮಾರಿದರೂ ಎರಡು ಸಲ. ಒಂದೇ ದಿನ ಮಾರಿದರೆ ಒಂದು ಸಲ. ಇದು ಹೆಚ್ಚಾಗಿ ಕಾಂಟ್ರ್ಯಾಕ್ಟ್ ನೋಟಿನಲ್ಲಿ ಸಿಗುವುದಿಲ್ಲ. ಖಾತೆಯ ಲೆಡ್ಜರ್ ತೆರೆದು ನೋಡಬೇಕು.

ಮೇಡಂ ಆಮೇಲೆ ಏನು ಮಾಡಿದರು ಅಂತ ಹಲವರು ಕೇಳಿದಿರಿ. ಅವರಿಗೆ ಶಾಖೆಯ ಹುಡುಗರ ಸಲಹೆ ಬೇಕಿತ್ತು, ಖಾತೆ ಮುಚ್ಚಲು ಇಷ್ಟ ಇರಲಿಲ್ಲ. ಬ್ರೋಕರೇಜ್ ದರ ಮಾತಾಡಿ ಇಳಿಸಬಹುದು ಅಂತ ನಾನು ಹೇಳಿದೆ. ಸೆಬಿ ಹೇಳಿರುವುದು ಗರಿಷ್ಠ ಮಿತಿಯನ್ನು ಮಾತ್ರ, ಅದರೊಳಗೆ ಎಷ್ಟು ಅನ್ನುವುದು ನೀವು ಮತ್ತು ಬ್ರೋಕರ್ ಮಾಡಿಕೊಂಡ ಒಪ್ಪಂದ. ಮೇಡಂ ಹನ್ನೆರಡು ಕಾಂಟ್ರ್ಯಾಕ್ಟ್ ನೋಟುಗಳನ್ನು ಪ್ರಿಂಟ್ ತೆಗೆದು ಶಾಖೆಗೆ ಹೋದರು. ಅರ್ಧ ಪರ್ಸೆಂಟ್ ಇದ್ದದ್ದು 0.2ಕ್ಕೆ ಇಳಿಯಿತು. ಮುಂದಿನ ವರ್ಷ ಅವರು ಎರಡೇ ಸಲ ಮಾರಿದರು. ಎರಡನ್ನೂ ಹದಿಮೂರನೇ ತಿಂಗಳಲ್ಲಿ. ರಿಟರ್ನಿಗೆ ಬಂದಾಗ ಫಾರಂ 16ರ ಜೊತೆ ಒಂದು ನೋಟ್‌ಬುಕ್ ತಂದಿದ್ದರು. ಕೊಂಡ ತಾರೀಖು ಒಂದು ಕಡೆ, ಹನ್ನೆರಡು ತಿಂಗಳು ದಾಟುವ ತಾರೀಖು ಪಕ್ಕದಲ್ಲಿ ಕೆಂಪು ಇಂಕಿನಲ್ಲಿ, ಪಟ್ಟಿಯ ಕೊನೆಯ ಸಾಲಿನ ಅಂಕಿ ಅದರ ಮುಂದೆ.